ಗೆರೆ ಫುಲ್ ಇದೆ, ವಿಡಿಯೊ ಮಾತ್ರ ಸುತ್ತುತ್ತಿದೆ: ರೂಟರ್‌ನ ಎರಡು ಬ್ಯಾಂಡ್‌ಗಳ ಲೆಕ್ಕ

ಬೆಂಗಳೂರಿನಲ್ಲಿ ನಮ್ಮ ಅಕ್ಕನ ಮನೆ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದೆ. ಎರಡು ಬೆಡ್‌ರೂಮು, ಒಂದು ಹಾಲು, ಹಿಂದೆ ಅಡುಗೆಮನೆ. 100 ಎಂಬಿಪಿಎಸ್ ಪ್ಲಾನು ಹಾಕಿಸಿದ್ದಾರೆ. ಹಗಲು ಹೊತ್ತು ಎಲ್ಲ ಚೆನ್ನಾಗಿರುತ್ತದೆ. ರಾತ್ರಿ ಒಂಬತ್ತಾಯಿತು ಅಂದರೆ ಭಾವನ ಫೋನಿನಲ್ಲಿ ವಿಡಿಯೊ ಸುತ್ತೋಕೆ ಶುರು. ಆಫೀಸ್ ಕಾಲ್ ಇದ್ದರೆ ಮಾತು ತುಂಡು ತುಂಡಾಗುತ್ತದೆ. ಕಳೆದ ಸಲ ನಾನು ಹೋದಾಗ ಭಾವ ಫೋನು ನನ್ನ ಕೈಗೆ ಕೊಟ್ಟು, "ನೋಡಪ್ಪಾ, ಗೆರೆ ಫುಲ್ ಇದೆ. ಆದ್ರೂ ಓಡಲ್ಲ. ನೆಟ್ ಕೊಡೋರದ್ದೇ ಮೋಸ ಇರ್ಬೇಕು" ಅಂದರು.

ಮೊದಲು ಆ ಅನುಮಾನವನ್ನೇ ಪರೀಕ್ಷೆ ಮಾಡಿದೆವು. ರೂಟರ್ ಹಿಂದಿನ ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿ ಲ್ಯಾಪ್‌ಟಾಪ್ ಜೋಡಿಸಿ, ಅದರ ವೈಫೈ ಆಫ್ ಮಾಡಿ, ಸ್ಪೀಡ್ ಟೆಸ್ಟ್ ಓಡಿಸಿದೆವು. 96 ಬಂತು. ಅಂದರೆ ಮನೆಯ ಬಾಗಿಲವರೆಗೆ ಇಂಟರ್ನೆಟ್ ಸರಿಯಾಗೇ ಬರುತ್ತಿದೆ. ಅದೇ ಹೊತ್ತಿಗೆ ರೂಟರ್‌ನಿಂದ ಎರಡು ಮೀಟರ್ ದೂರದಲ್ಲಿ ಭಾವನ ಫೋನಿನಲ್ಲಿ ಬಂದದ್ದು 12. ಕಳೆದುಹೋದ 84 ಆ ಎರಡು ಮೀಟರ್ ಗಾಳಿಯಲ್ಲೇ ಕಳೆದುಹೋಗಿದೆ.

ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕಿನ ಹೆಸರಿನ ಪಕ್ಕದ ಹಲ್ಲುಚಕ್ರದ ಗುರುತು ಒತ್ತಿದರೆ ಬಹಳಷ್ಟು ಆಂಡ್ರಾಯ್ಡ್ ಫೋನುಗಳು `Frequency` ಮತ್ತು `Link speed` ಅಂತ ಎರಡು ಸಾಲು ತೋರಿಸುತ್ತವೆ. ಭಾವನ ಫೋನು 2.4 ಗಿಗಾಹರ್ಟ್ಸ್ ಅಂತ ತೋರಿಸಿತು. ಆ ಒಂದು ಸಾಲಿನಲ್ಲೇ ಉತ್ತರ ಇತ್ತು.

ಈಗಿನ ರೂಟರ್ ಡಬ್ಬಿಯೊಳಗೆ ಎರಡು ರೇಡಿಯೊ ಇರುತ್ತವೆ. ಒಂದು 2.4 ಗಿಗಾಹರ್ಟ್ಸ್‌ನಲ್ಲಿ, ಇನ್ನೊಂದು 5 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಎರಡೂ ಕೊಡುವುದು ಅದೇ ಇಂಟರ್ನೆಟ್. ಆದರೆ ಮನೆಯೊಳಗೆ ಸಾಗುವ ದಾರಿ ಬೇರೆ. ಇಲ್ಲೊಂದು ಗೊಂದಲ ಮೊದಲೇ ಬಿಡಿಸಿಬಿಡಬೇಕು. ಎಷ್ಟೋ ಮನೆಗಳಲ್ಲಿ ಎರಡನೇ ನೆಟ್‌ವರ್ಕಿನ ಹೆಸರಿನ ಕೊನೆಗೆ `_5G` ಅಂತ ಇರುತ್ತದೆ. ಅದನ್ನು ನೋಡಿ "ನನ್ನದು 4ಜಿ ಫೋನು, ಅದು ನನಗಲ್ಲ" ಅಂತ ಬಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೊಬೈಲ್ ನೆಟ್‌ವರ್ಕಿನ 5ಜಿಗೂ ಇದಕ್ಕೂ ಸಂಬಂಧವೇ ಇಲ್ಲ. ಅಲ್ಲಿ 5 ಅಂದರೆ ಐದನೇ ತಲೆಮಾರು. ಇಲ್ಲಿ 5 ಅಂದರೆ ಅಲೆಯ ಕಂಪನದ ಲೆಕ್ಕ. ಹತ್ತು ವರ್ಷದ ಹಿಂದಿನ ಒಳ್ಳೆಯ ಫೋನುಗಳಲ್ಲೂ 5 ಗಿಗಾಹರ್ಟ್ಸ್ ವೈಫೈ ಇದೆ. ತೀರಾ ಕಡಿಮೆ ಬೆಲೆಯ ಕೆಲವು ಫೋನುಗಳಲ್ಲಿ ಮಾತ್ರ ಇರುವುದಿಲ್ಲ. ಅಂಥ ಫೋನಿಗೆ ಆ ಹೆಸರು ಕಾಣಿಸುವುದೇ ಇಲ್ಲ.

ದೂರ ಹೋಗುವುದು ಯಾಕೆ ಕಮ್ಮಿ

"5 ಗಿಗಾಹರ್ಟ್ಸ್ ವೇಗ ಜಾಸ್ತಿ, ದೂರ ಕಮ್ಮಿ" ಅಂತ ಎಲ್ಲರೂ ಹೇಳುತ್ತಾರೆ. ಮಾತು ಸರಿ. ಆದರೆ ಕಾರಣ ಕೇಳಿದರೆ "ಆ ಅಲೆ ಗಾಳಿಯಲ್ಲಿ ಬೇಗ ಸುಸ್ತಾಗುತ್ತೆ" ಅನ್ನುತ್ತಾರೆ. ಅದು ಸರಿಯಲ್ಲ. ಮನೆಯೊಳಗಿನ ದೂರಕ್ಕೆ ಗಾಳಿ ಎರಡು ಅಲೆಗಳನ್ನೂ ಹೆಚ್ಚುಕಮ್ಮಿ ಏನೂ ಮಾಡುವುದಿಲ್ಲ.

ನಿಜವಾದ ಕಾರಣಗಳು ಎರಡು. ಮೊದಲನೆಯದು ಆಂಟೆನಾ. 2.4ರ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. 5ರ ಅಲೆಯ ಉದ್ದ ಅದರ ಅರ್ಧಕ್ಕಿಂತ ಕಮ್ಮಿ, ಐದೂವರೆ ಸೆಂಟಿಮೀಟರಿನ ಆಸುಪಾಸು. ಆಂಟೆನಾದ ಅಳತೆ ಅಲೆಯ ಉದ್ದಕ್ಕೆ ತಕ್ಕಂತೆ ಇರಬೇಕು. ಹಾಗಾಗಿ 5ರ ಆಂಟೆನಾ ಚಿಕ್ಕದು. ಮಳೆಯಲ್ಲಿ ಅಂಗಳದಲ್ಲಿ ಒಂದು ಬಕೆಟ್, ಪಕ್ಕದಲ್ಲಿ ಒಂದು ಚೊಂಬು ಇಟ್ಟ ಹಾಗೆ ಇದು. ಎರಡರ ಮೇಲೂ ಬೀಳುವ ಮಳೆ ಒಂದೇ. ಚೊಂಬಿನ ಬಾಯಿ ಚಿಕ್ಕದು, ಅದಕ್ಕೆ ಹಿಡಿಯುವ ನೀರು ಕಮ್ಮಿ. ಬಾಯಿಯ ಅಗಲ ಎರಡೂ ಕಡೆಯಿಂದ ಕುಗ್ಗುವುದರಿಂದ ವ್ಯತ್ಯಾಸ ಅರ್ಧಕ್ಕೆ ನಿಲ್ಲುವುದಿಲ್ಲ. ರೂಟರ್ ಅಷ್ಟೇ ಶಕ್ತಿಯಲ್ಲಿ ಕಳಿಸಿದರೂ ಫೋನಿಗೆ ಸಿಗುವ 5ರ ಸಿಗ್ನಲ್ 2.4ರದ್ದಕ್ಕಿಂತ ಸುಮಾರು ಐದನೇ ಒಂದು ಪಾಲು.

ಎರಡನೆಯದು ಗೋಡೆ. ಮರದ ಬಾಗಿಲು, ಸಾದಾ ಗಾಜು ಎರಡು ಅಲೆಗೂ ದೊಡ್ಡ ಅಡ್ಡಿಯಲ್ಲ. ಇಟ್ಟಿಗೆ ಮತ್ತು ಸಿಮೆಂಟು 5ನ್ನು ಜಾಸ್ತಿ ಹೀರಿಕೊಳ್ಳುತ್ತವೆ. ಕಾಂಕ್ರೀಟ್ ಕಂಬ, ಗೋಡೆ ಬಂದರೆ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಲೋಹ ಬಂದರೆ ಎರಡಕ್ಕೂ ಕಷ್ಟ. ಸ್ಟೀಲ್ ಬೀರು, ಫ್ರಿಜ್ಜು, ಹಿಂಬದಿಗೆ ಲೋಹದ ಲೇಪ ಇರುವ ದೊಡ್ಡ ಕನ್ನಡಿ ಇವೆಲ್ಲ ಕೋಣೆಯೊಳಗೇ ನೆರಳು ಮಾಡುತ್ತವೆ.

ಇಷ್ಟು ಕೇಳಿದರೆ 5 ಬಡಪಾಯಿ ಅನಿಸುತ್ತದೆ, ಅಲ್ವಾ? ಹಾಗಿದ್ದರೆ ಭಾವನ ಫೋನಿನಲ್ಲಿ ಫುಲ್ ಗೆರೆ ತೋರಿಸಿದ 2.4 ಯಾಕೆ ಓಡಲಿಲ್ಲ?

ಒಂದೇ ಮೈಕು, ನೂರು ಜನ

2.4ರ ಬ್ಯಾಂಡ್ ಇರುವುದು 2400ರಿಂದ 2483.5 ಮೆಗಾಹರ್ಟ್ಸ್‌ವರೆಗೆ. ಒಟ್ಟು ಅಗಲ 83.5. ಹೆಸರಿಗೆ ಅದರಲ್ಲಿ 13 ಚಾನೆಲ್ ಇವೆ. ಆದರೆ ಒಂದೊಂದಕ್ಕೂ ಬೇಕಾದ ಅಗಲ 20, ಒಂದರಿಂದ ಇನ್ನೊಂದಕ್ಕೆ ಇರುವ ಅಂತರ ಬರೀ 5. ಹಾಗಾಗಿ ಪಕ್ಕಪಕ್ಕದ ಚಾನೆಲ್‌ಗಳು ಒಂದರ ಮೇಲೊಂದು ಬೀಳುತ್ತವೆ. ಒಂದಕ್ಕೊಂದು ತಾಗದ ಹಾಗೆ ರೂಢಿಯಲ್ಲಿ ಬಳಸುವುದು 1, 6, 11 ಈ ಮೂರನ್ನೇ. ಇಡೀ ಅಪಾರ್ಟ್‌ಮೆಂಟು, ಎದುರಿನ ಕಟ್ಟಡ, ಕೆಳಗಿನ ಅಂಗಡಿ, ಎಲ್ಲರೂ ಈ ಮೂರರಲ್ಲೇ ಜಾಗ ಹಂಚಿಕೊಳ್ಳಬೇಕು.

ವೈಫೈನ ಮೂಲ ನಿಯಮ ಏನೆಂದರೆ, ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಪ್ರತಿ ಫೋನು, ಪ್ರತಿ ರೂಟರು ಬಾಯಿ ತೆಗೆಯುವ ಮೊದಲು ಕಿವಿ ಕೊಟ್ಟು ಕೇಳುತ್ತದೆ. ಬೇರೆ ಯಾರಾದರೂ ಮಾತಾಡುತ್ತಿದ್ದರೆ ಸುಮ್ಮನಿದ್ದು ಕಾಯುತ್ತದೆ. ಆ "ಬೇರೆ ಯಾರಾದರೂ" ನಿಮ್ಮ ಮನೆಯವರೇ ಆಗಬೇಕಿಲ್ಲ. ಎರಡು ಮನೆ ಆಚೆಯ ರೂಟರಿನ ಸಣ್ಣ ದನಿ ಕೇಳಿಸಿದರೂ ಸಾಕು, ನಿಮ್ಮ ಫೋನು ಕಾಯುತ್ತದೆ. 2.4 ಗೋಡೆ ದಾಟುವುದರಲ್ಲಿ ಜಾಣ. ಆದ್ದರಿಂದ ಅಕ್ಕಪಕ್ಕದ ಹತ್ತಾರು ಮನೆಗಳ ದನಿ ಭಾವನ ಹಾಲಿನಲ್ಲಿ ಚೆನ್ನಾಗೇ ಕೇಳಿಸುತ್ತದೆ.

ಇದರ ಮೇಲೆ ಇನ್ನೊಂದು ಖರ್ಚಿದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಪ್ರತಿ ರೂಟರು "ನಾನಿದ್ದೇನೆ, ನನ್ನ ಹೆಸರು ಇದು" ಅಂತ ಸೆಕೆಂಡಿಗೆ ಸುಮಾರು ಹತ್ತು ಸಲ ಕೂಗುತ್ತದೆ. ಇದಕ್ಕೆ ಬೀಕನ್ ಅಂತ ಹೆಸರು. ಫೋನಿನಲ್ಲಿ ಅಕ್ಕಪಕ್ಕದ ನೆಟ್‌ವರ್ಕುಗಳ ಪಟ್ಟಿ ಕಾಣಿಸುವುದು ಈ ಕೂಗಿನಿಂದಲೇ. ತೀರಾ ಹಳೆಯ ಸಾಧನಕ್ಕೂ ಅರ್ಥವಾಗಲಿ ಅಂತ ಹೆಚ್ಚಿನ ಮನೆ ರೂಟರುಗಳು 2.4ರಲ್ಲಿ ಇದನ್ನು 1 ಎಂಬಿಪಿಎಸ್‌ನಷ್ಟು ನಿಧಾನವಾಗಿ ಕೂಗುತ್ತವೆ. ಲೆಕ್ಕ ಹಾಕಿ ನೋಡಿ. ಒಂದು ಬೀಕನ್ 250 ಬೈಟ್ ಅಂದುಕೊಂಡರೆ 2000 ಬಿಟ್. ಅದನ್ನು ಕೂಗೋಕೆ ಎರಡು ಮಿಲಿಸೆಕೆಂಡು ಬೇಕು. ಸೆಕೆಂಡಿಗೆ ಹತ್ತು ಸಲ ಅಂದರೆ 20 ಮಿಲಿಸೆಕೆಂಡು, ಅಂದರೆ ಆ ಚಾನೆಲ್‌ನ ಸಮಯದಲ್ಲಿ ನೂರಕ್ಕೆ ಎರಡು ಪಾಲು. ಒಂದೇ ಚಾನೆಲ್‌ನಲ್ಲಿ ಹದಿನೈದು ರೂಟರ್ ಇದ್ದರೆ ನೂರಕ್ಕೆ ಮೂವತ್ತು ಪಾಲು ಸಮಯ ಹೆಸರು ಕೂಗುವುದಕ್ಕೇ ಹೋಯಿತು. ಯಾರೂ ಇನ್ನೂ ಒಂದು ವಿಡಿಯೊ ಕೂಡ ಶುರು ಮಾಡಿಲ್ಲ! 5ರಲ್ಲಿ ಇದೇ ಕೂಗು ಕಮ್ಮಿ ಅಂದರೂ 6 ಎಂಬಿಪಿಎಸ್ ವೇಗದಲ್ಲಿ ಇರುತ್ತದೆ. ಅದಕ್ಕೆ ಅಲ್ಲಿ ಈ ಖರ್ಚು ಹೆಚ್ಚುಕಮ್ಮಿ ಆರನೇ ಒಂದು ಪಾಲು.

ವೈಫೈ ಅಲ್ಲದ ಸಾಧನಗಳೂ 2.4ರಲ್ಲೇ ಇವೆ. ಬ್ಲೂಟೂತ್ ಇಯರ್‌ಫೋನು, ವೈರ್‌ಲೆಸ್ ಮೌಸು ಅಲ್ಲೇ. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ 2.45ರಲ್ಲಿ. ಅದರ ಬಾಗಿಲ ಸಂದಿನಿಂದ ಸೋರುವುದು ಆರೋಗ್ಯಕ್ಕೆ ಲೆಕ್ಕಕ್ಕಿಲ್ಲದಷ್ಟು ಸ್ವಲ್ಪ. ಆದರೆ ವೈಫೈ ಕೇಳಿಸಿಕೊಳ್ಳುವ ದನಿಯ ಮುಂದೆ ಅದು ಕಿರುಚಾಟವೇ.

5ರ ಕಡೆ ನೋಡಿದರೆ ಜಾಗವೇ ಜಾಗ. ನಮ್ಮ ದೇಶದಲ್ಲಿ 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 5150ರಿಂದ 5350, 5470ರಿಂದ 5875 ಮೆಗಾಹರ್ಟ್ಸ್‌ವರೆಗಿನ ಜಾಗವನ್ನು ಲೈಸೆನ್ಸ್ ಇಲ್ಲದೆ ವೈಫೈಗೆ ಬಳಸಬಹುದು ಅಂತ ತೆರೆದಿಟ್ಟಿತು. ಕೂಡಿಸಿದರೆ 605 ಮೆಗಾಹರ್ಟ್ಸ್. 2.4ರ 83.5ಕ್ಕೆ ಹೋಲಿಸಿದರೆ ಏಳು ಪಟ್ಟು. ಜಾಗ ಇರುವುದರಿಂದ ಒಂದು ರೂಟರ್ 80 ಮೆಗಾಹರ್ಟ್ಸ್ ಅಗಲದ ಚಾನೆಲ್ ಹಿಡಿಯಬಹುದು. ಅಂದರೆ ಒಂದು ಲೇನಿನ ಬದಲು ನಾಲ್ಕು ಲೇನು. ಎರಡು ಆಂಟೆನಾ ಇರುವ ಸಾಧಾರಣ ಫೋನು 2.4ರಲ್ಲಿ 20 ಅಗಲದಲ್ಲಿ ಹೆಚ್ಚೆಂದರೆ 144 ಎಂಬಿಪಿಎಸ್ ಲಿಂಕ್ ತೋರಿಸಿದರೆ, ವೈಫೈ 5 ಅನ್ನುವ ತಲೆಮಾರಿನ ಫೋನು 5 ಗಿಗಾಹರ್ಟ್ಸ್‌ನಲ್ಲಿ 80 ಅಗಲದಲ್ಲಿ 866 ತೋರಿಸುವುದು ಬಹುಪಾಲು ಇದಕ್ಕೇ. ಲಿಂಕ್ ವೇಗ ಅಂದರೆ ನಿಮಗೆ ಸಿಗುವ ವೇಗ ಅಲ್ಲ ಅನ್ನುವುದು ನೆನಪಿರಲಿ. ಕಾಯುವುದು, ಸರದಿ ಕೇಳುವುದು, ಉತ್ತರ ಕೊಡುವುದು ಎಲ್ಲ ಕಳೆದು ಸುಮಾರು ಅರ್ಧ ಸಿಕ್ಕರೆ ಒಳ್ಳೆಯದೇ.

ನನಗೆ ಮುಖ್ಯ ಅನಿಸುವ ಮಾತು ಇದು. 5ಕ್ಕೆ ಗೋಡೆ ದಾಟಲಾಗದು ಅಂತ ಎಲ್ಲರೂ ದೂರುತ್ತಾರೆ. ಆದರೆ ಅದೇ ಗೋಡೆ ಪಕ್ಕದ ಮನೆಯ 5ನ್ನೂ ಆಚೆಗೇ ನಿಲ್ಲಿಸುತ್ತದೆ. ಜನ ಒತ್ತಾಗಿರುವ ಕಟ್ಟಡದಲ್ಲಿ ಇದು ದೋಷವಲ್ಲ, ಕಾವಲು. ನಿಮ್ಮ ಹಾಲಿನ 5 ನಿಮ್ಮ ಹಾಲಿನವರದ್ದೇ.

ಅಕ್ಕನ ಮನೆಯ ಮೂರು ಜಾಗ

ಊಹೆ ಬೇಡ ಅಂತ ಅಳೆಯುತ್ತಾ ಹೋದೆವು. ಗೆರೆ ಲೆಕ್ಕಕ್ಕೆ ತಗೊಳ್ಳಲಿಲ್ಲ. ಗೆರೆ ಹೇಳುವುದು ದನಿ ಎಷ್ಟು ಜೋರು ಅಂತ ಮಾತ್ರ. ಎಷ್ಟು ಜನ ಸರದಿಯಲ್ಲಿದ್ದಾರೆ ಅಂತ ಅದು ಹೇಳುವುದಿಲ್ಲ. ವೈಫೈ ಅನಲೈಸರ್ ಥರದ ಉಚಿತ ಆ್ಯಪ್ ಹಾಕಿಕೊಂಡರೆ ಸಿಗ್ನಲ್ಲು ಡಿಬಿಎಂ ಲೆಕ್ಕದಲ್ಲಿ ಕಾಣುತ್ತದೆ. ಅದು ಮೈನಸ್ ಸಂಖ್ಯೆ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಹತ್ತು ಕೆಳಗಿಳಿದರೆ ಸಿಗ್ನಲ್ಲು ಹತ್ತನೇ ಒಂದು ಪಾಲಾಯಿತು ಅಂತ ಅರ್ಥ. -50 ಸೊಗಸು. -67ರವರೆಗೆ ವಿಡಿಯೊ ಕಾಲ್ ನಿಶ್ಚಿಂತೆ. -80 ಆಯಿತು ಅಂದರೆ ಕಷ್ಟ.

ಮೊದಲು ಹಾಲು. ಭಾವನ ಫೋನನ್ನು 5ಕ್ಕೆ ಸೇರಿಸಿದೆವು. ಸಿಗ್ನಲ್ -46, ಲಿಂಕ್ 866, ಸ್ಪೀಡ್ ಟೆಸ್ಟು 94. ಐದು ನಿಮಿಷ ಮೊದಲು 12 ಬಂದಿದ್ದ ಅದೇ ಕುರ್ಚಿ, ಅದೇ ಫೋನು.

ಆಮೇಲೆ ಬೆಡ್‌ರೂಮು, ನಡುವೆ ಒಂದು ಇಟ್ಟಿಗೆ ಗೋಡೆ. 5ರ ಸಿಗ್ನಲ್ -64ಕ್ಕೆ ಇಳಿಯಿತು. ಗೆರೆ ಒಂದು ಕಮ್ಮಿ ಆಯಿತು. ಲಿಂಕ್ 390. ಟೆಸ್ಟು 91. ಅಲ್ಲಿ 2.4 ಫುಲ್ ಗೆರೆ ತೋರಿಸುತ್ತಿತ್ತು, ಟೆಸ್ಟು 10ರಿಂದ 16ರ ನಡುವೆ ಓಲಾಡುತ್ತಿತ್ತು. ಗೆರೆ ನೋಡಿ ಆರಿಸಿದ್ದರೆ ಇಲ್ಲಿ ತಪ್ಪೇ ಆಗುತ್ತಿತ್ತು.

ಕೊನೆಗೆ ಅಡುಗೆಮನೆಯ ಮೂಲೆ. ನಡುವೆ ಎರಡು ಗೋಡೆ, ಒಂದು ಕಾಂಕ್ರೀಟ್ ಕಂಬ, ದಾರಿಯಲ್ಲೇ ಫ್ರಿಜ್ಜು. 5 ಇಲ್ಲಿ -82. ಲಿಂಕ್ 65ಕ್ಕೆ ಬಿತ್ತು. ಟೆಸ್ಟು ಒಮ್ಮೆ 20, ಒಮ್ಮೆ 3, ಒಮ್ಮೆ ಮಧ್ಯದಲ್ಲೇ ನಿಂತೇಹೋಯಿತು. 2.4ರ ಸಿಗ್ನಲ್ -68, ಟೆಸ್ಟು 11. ಸಂಖ್ಯೆ ದೊಡ್ಡದಲ್ಲ. ಆದರೆ ಐದು ಸಲ ಮಾಡಿದರೂ ಅದೇ ಹತ್ತು ಹನ್ನೊಂದು. ಅಲ್ಲಿ ನಿಂತು ಫೋನ್ ಬಳಸುವವರಿಗೆ 2.4ರೇ ಸರಿ.

ಹಾಗಾಗಿ ಯಾವುದಕ್ಕೆ ಸೇರಬೇಕು ಅನ್ನುವುದಕ್ಕೆ ಇಡೀ ಮನೆಗೆ ಒಂದೇ ಉತ್ತರ ಇಲ್ಲ. ಫೋನಿಗೂ ರೂಟರಿಗೂ ನಡುವೆ ಗೋಡೆ ಇಲ್ಲದಿದ್ದರೆ, ಅಥವಾ ಒಂದೇ ಇದ್ದರೆ, 5. ಎರಡಾದರೆ ಅಳೆದು ನೋಡಿ. 5ರ ಸಿಗ್ನಲ್ -70ಕ್ಕಿಂತ ಮೇಲಿದ್ದರೆ ಅದನ್ನೇ ಇಟ್ಟುಕೊಳ್ಳಿ. -80ರ ಹತ್ತಿರ ಹೋದರೆ 2.4ಕ್ಕೆ ಬನ್ನಿ. ನಡುವಿನ ಜಾಗದಲ್ಲಿ ಎರಡರಲ್ಲೂ ರಾತ್ರಿ ಹೊತ್ತು ಮೂರು ನಾಲ್ಕು ಸಲ ಟೆಸ್ಟ್ ಮಾಡಿ, ಯಾವುದು ಅಲುಗಾಡದೆ ನಿಲ್ಲುತ್ತದೋ ಅದು. ಹಗಲು ಮಾಡಿದ ಟೆಸ್ಟ್ ನಂಬಬೇಡಿ. ಹಗಲಲ್ಲಿ ಅಕ್ಕಪಕ್ಕದವರು ಮನೆಯಲ್ಲೇ ಇರುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇದ್ದರೆ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಹೊಡೆಯಿರಿ:

```
netsh wlan show interfaces
```

ಅಲ್ಲಿ `Channel` ಎದುರು 1ರಿಂದ 13ರೊಳಗಿನ ಸಂಖ್ಯೆ ಇದ್ದರೆ 2.4. 36 ಅಥವಾ ಅದಕ್ಕಿಂತ ದೊಡ್ಡದಿದ್ದರೆ ಮನೆಯ ಸಾಮಾನ್ಯ ರೂಟರಿನಲ್ಲಿ ಅದು 5.

ಫೋನು ತಾನೇ ಆರಿಸಿಕೊಳ್ಳಬಾರದೇ

ಇದನ್ನು ಭಾವ ಕೇಳಿದರು. ಆರಿಸುತ್ತದೆ. ಆದರೆ ಒಮ್ಮೆ ಒಂದಕ್ಕೆ ಸೇರಿದ ಮೇಲೆ ಅದನ್ನು ಬಿಡೋಕೆ ಬಹಳ ಹಿಂದೆಮುಂದೆ ನೋಡುತ್ತದೆ. ಐಫೋನಿನ ಬಗ್ಗೆ ಆಪಲ್ ಕಂಪನಿ ಬರೆದಿಟ್ಟಿರುವ ಪ್ರಕಾರ, ಸಿಗ್ನಲ್ -70ಕ್ಕಿಂತ ಕೆಳಗೆ ಹೋಗುವವರೆಗೆ ಅದು ಬೇರೆ ದಾರಿ ಹುಡುಕೋಕೆ ಹೊರಡುವುದೇ ಇಲ್ಲ. 2.4ರಲ್ಲಿ ಕುಳಿತು -50 ಸಿಗ್ನಲ್ ಕಾಣುತ್ತಿರುವ ಫೋನಿಗೆ, ಸರದಿ ಎಷ್ಟೇ ಉದ್ದ ಇದ್ದರೂ, ಎದ್ದು ಹೋಗಬೇಕು ಅನಿಸುವುದಿಲ್ಲ. ರೂಟರ್ ಎರಡೂ ಬ್ಯಾಂಡಿಗೆ ಒಂದೇ ಹೆಸರು ಇಟ್ಟು "ಆ ಕಡೆ ಹೋಗು" ಅಂತ ಸೂಚಿಸಬಹುದು. ಡಬ್ಬಿಯ ಮೇಲೆ ಸ್ಮಾರ್ಟ್ ಕನೆಕ್ಟ್, ಬ್ಯಾಂಡ್ ಸ್ಟೀರಿಂಗ್ ಅಂತ ಬರೆದಿರುವುದು ಇದನ್ನೇ. ಆದರೂ ಕೊನೆಯ ತೀರ್ಮಾನ ಫೋನಿನದ್ದೇ.

ಭಾವನ ಫೋನು 2.4ರಲ್ಲೇ ಯಾಕೆ ಕೂತಿತ್ತು ಅಂತ ಹುಡುಕಿದಾಗ ಇನ್ನೊಂದು ವಿಷಯ ಸಿಕ್ಕಿತು. ಅವರ ರೂಟರಿನ 5 ಬ್ಯಾಂಡ್ 52ನೇ ಚಾನೆಲ್‌ನಲ್ಲಿತ್ತು. 52ರಿಂದ 144ರವರೆಗಿನ ಚಾನೆಲ್‌ಗಳ ಜಾಗದಲ್ಲಿ ರೇಡಾರ್‌ಗಳೂ ಕೆಲಸ ಮಾಡುತ್ತವೆ. ಅದಕ್ಕೆ ರೂಟರ್ ಆನ್ ಆದಮೇಲೆ ಒಂದು ನಿಮಿಷ ಸುಮ್ಮನೆ ಕೇಳಿಸಿಕೊಂಡು, ರೇಡಾರ್ ಇಲ್ಲ ಅಂತ ಖಾತ್ರಿಯಾದ ಮೇಲೇ 5ನ್ನು ಶುರು ಮಾಡುತ್ತದೆ. ಅಕ್ಕನ ಮನೆಯ ರೂಟರಿಗೆ ಯುಪಿಎಸ್ ಇಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ 2.4 ಮೊದಲು ಎದ್ದೇಳುತ್ತದೆ, ಫೋನು ಓಡಿಹೋಗಿ ಅದಕ್ಕೆ ಸೇರುತ್ತದೆ, ಒಂದು ನಿಮಿಷದ ಮೇಲೆ 5 ಬಂದರೂ ತಿರುಗಿ ನೋಡುವುದಿಲ್ಲ. ಕರೆಂಟ್ ಹೋದ ದಿನವೇ ನೆಟ್ ನಿಧಾನ ಅಂತ ನಿಮಗೂ ಅನಿಸಿದ್ದರೆ ಇದನ್ನು ಪರೀಕ್ಷಿಸಿ ನೋಡಿ. ಫೋನಿನ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದಾಗ ಸರಿಹೋದರೆ ಕಾರಣ ಬಹುಶಃ ಇದೇ.

ನಾವು ಬ್ರೌಸರಿನಲ್ಲಿ `192.168.1.1` ತೆರೆದು ರೂಟರಿನ ಒಳಗೆ ಹೋದೆವು. ಕೆಲವು ರೂಟರಿಗೆ ಅದು `192.168.0.1`. 5ನ್ನು 52ರಿಂದ 36ನೇ ಚಾನೆಲ್‌ಗೆ ತಂದೆವು. ಅಲ್ಲಿ ಈ ಕಾಯುವಿಕೆ ಇಲ್ಲ. ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸರು ಕೊಟ್ಟೆವು. ಭಾವನ ಫೋನಿನಲ್ಲಿ 2.4ರ ಹೆಸರನ್ನು `Forget` ಮಾಡಿದೆವು. 2.4ರ ಅಗಲ 40 ಅಂತ ಇತ್ತು, ಅದನ್ನು 20ಕ್ಕೆ ಇಳಿಸಿದೆವು. ಒತ್ತಾದ ಕಟ್ಟಡದಲ್ಲಿ 40 ಇಟ್ಟರೆ ಮೂರು ಜಾಗದಲ್ಲಿ ಎರಡನ್ನು ನಾವೇ ಆಕ್ರಮಿಸಿದ ಹಾಗೆ, ನಮಗೂ ಗದ್ದಲ, ಪಕ್ಕದವರಿಗೂ ತೊಂದರೆ. ಆ್ಯಪ್‌ನಲ್ಲಿ 6ನೇ ಚಾನೆಲ್ ತುಂಬಿತುಳುಕುತ್ತಿತ್ತು, 1ರಲ್ಲಿ ಸ್ವಲ್ಪ ಜನ ಕಮ್ಮಿ ಇದ್ದರು. ಅಲ್ಲಿಗೆ ಹೋದೆವು. ಶೂ ಸ್ಟ್ಯಾಂಡಿನ ಒಳಗಿದ್ದ ರೂಟರನ್ನು ಅದರ ಮೇಲಕ್ಕೆ ತಂದು ಇಟ್ಟೆವು.

ಬೇರೆ ಬೇರೆ ಹೆಸರು ಇಡುವುದು ಎಲ್ಲ ಮನೆಗೂ ಸರಿ ಅಂತ ನಾನು ಹೇಳುವುದಿಲ್ಲ. ಓಡಾಡುತ್ತಾ ಫೋನ್ ಬಳಸುವ ದೊಡ್ಡ ಮನೆಯಲ್ಲಿ ಒಂದೇ ಹೆಸರು ಇದ್ದರೆ ಫೋನು ಕೊನೆಗಾದರೂ ತಾನೇ ಬದಲಾಯಿಸಿಕೊಳ್ಳುತ್ತದೆ. ಚಿಕ್ಕ ಫ್ಲಾಟಿನಲ್ಲಿ, ಕೂತು ಬಳಸುವ ಜಾಗಕ್ಕೆಲ್ಲ 5 ತಲುಪುವಾಗ, ಬೇರೆ ಹೆಸರೇ ನೆಮ್ಮದಿ. ವೈಫೈ ಬಲ್ಬು, ಸ್ಮಾರ್ಟ್ ಪ್ಲಗ್ಗುಗಳು ಬಹುಮಟ್ಟಿಗೆ 2.4 ಮಾತ್ರ ಬಲ್ಲವು. ಅವನ್ನು ಜೋಡಿಸುವಾಗ ಆ ಹೆಸರೇ ಕೊಡಬೇಕು. ಹಾಗಾಗಿ 2.4ನ್ನು ಪೂರ್ತಿ ಆಫ್ ಮಾಡೋಕೆ ಹೋಗಬೇಡಿ.

ಊರಿನಲ್ಲಿ ಲೆಕ್ಕ ತಿರುಗುಮುರುಗು. ಶಿರಸಿ ಕಡೆ ತೋಟದ ನಡುವೆ ಒಂಟಿಯಾಗಿ ನಿಂತಿರುವ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯ ಹಳೆಯ ಮನೆ ತೆಗೆದುಕೊಳ್ಳಿ. 5 ಅಲ್ಲಿ ಜಗಲಿ ದಾಟಿ ನಡುಮನೆಗೆ ಬರುವಷ್ಟರಲ್ಲೇ ಸೋಲುತ್ತದೆ. ಆದರೆ ಕೂಗಳತೆಯಲ್ಲಿ ಇನ್ನೊಂದು ರೂಟರ್ ಇಲ್ಲ. 2.4ರ ಮೂರೂ ಜಾಗ ಖಾಲಿ. ಅಲ್ಲಿ 144ರ ಲಿಂಕ್ ಸಿಕ್ಕರೆ 60, 70 ಎಂಬಿಪಿಎಸ್ ನಿಜವಾಗಿ ಕೈಗೆ ಬರುತ್ತದೆ. 40ರ ಪ್ಲಾನಿಗೆ ಅದು ಧಾರಾಳ. ಅಂಥ ಮನೆಯವರಿಗೆ "5ಕ್ಕೆ ಹೋಗಿ, ಅದೇ ಫಾಸ್ಟು" ಅಂತ ಪೇಟೆಯ ಸಲಹೆ ಕೊಟ್ಟರೆ ಇದ್ದ ನೆಟ್ಟೂ ಹಾಳಾಗುತ್ತದೆ.

ಅಕ್ಕನ ಫೋನು ಮಾತ್ರ ಈಗಲೂ 2.4ರಲ್ಲೇ ಇದೆ. ಅವಳು ಅದನ್ನು ಬಳಸುವುದು ಅಡುಗೆಮನೆಯ ಮೂಲೆಯಲ್ಲಿ, ಹಾಡು ಕೇಳೋಕೆ. ಹಾಡಿಗೆ ಅರ್ಧ ಎಂಬಿಪಿಎಸ್ ಸಾಕು. 11 ಇದ್ದರೂ ಬೇಕಾದ್ದಕ್ಕಿಂತ ಇಪ್ಪತ್ತು ಪಟ್ಟು ಆಯಿತು. ಮೈಕ್ರೋವೇವ್‌ನಲ್ಲಿ ಹಾಲು ಬಿಸಿಗಿಟ್ಟಾಗ ಒಮ್ಮೊಮ್ಮೆ ಹಾಡು ತಡವರಿಸುತ್ತದಂತೆ. ಒಂದೂವರೆ ನಿಮಿಷಕ್ಕೆ ಹಾಲು ಬಿಸಿಯಾಗುತ್ತದೆ, ಹಾಡೂ ಮುಂದುವರಿಯುತ್ತದೆ.